ಇಡಿಗಂಟೋ, ತಿಂಗಳ ಪಿಂಚಣಿಯೋ?

ಕರ್ನಾಟಕ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಕೊನೆಯ ಸಂಬಳದ ಅರ್ಧ, ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ, ತಾವು ಹೋದಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ ಎಂಬ ಏರ್ಪಾಡು ಅವರ ಹಿರಿಯ ಸಹೋದ್ಯೋಗಿಗಳ ಜೊತೆಗೇ ಮುಗಿಯಿತು. ಇವರಿಗಿರುವುದು ಎನ್‌ಪಿಎಸ್ ಖಾತೆ. ಆ ವರ್ಷ ನಲವತ್ತರ ಆಸುಪಾಸಿನಲ್ಲಿ ನೌಕರಿ ಹಿಡಿದವರು ಈಗ ಒಬ್ಬೊಬ್ಬರಾಗಿ ಅರವತ್ತು ಮುಟ್ಟುತ್ತಿದ್ದಾರೆ. ಖಾತೆಯಲ್ಲಿ ಕೂಡಿರುವ ಹಣದಲ್ಲಿ ಶೇ 60ರಷ್ಟನ್ನು ಒಂದೇ ಸಲ ಕೈಗೆ ತೆಗೆದುಕೊಳ್ಳಬಹುದು, ಅದಕ್ಕೆ ತೆರಿಗೆ ಇಲ್ಲ. ಉಳಿದ ಶೇ 40ರಷ್ಟನ್ನು ವಿಮಾ ಕಂಪನಿಗೆ ಕೊಟ್ಟು ಆನ್ಯುಟಿ ಕೊಳ್ಳಬೇಕು. ಅಂದರೆ ದೊಡ್ಡ ಮೊತ್ತವೊಂದನ್ನು ಕಂಪನಿಗೆ ಒಪ್ಪಿಸಿ, ಬದುಕಿರುವ ತನಕ ತಿಂಗಳು ತಿಂಗಳು ಹಣ ಪಡೆಯುವ ಕರಾರು ಮಾಡಿಕೊಳ್ಳಬೇಕು.

ಖಾಸಗಿ ಕ್ಷೇತ್ರದ ಚಂದಾದಾರರಿಗೆ ಈ ಕಡ್ಡಾಯ ಭಾಗ 2025ರ ಡಿಸೆಂಬರ್‌ನಲ್ಲಿ ಶೇ 20ಕ್ಕೆ ಇಳಿದಿದೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಭವಿಷ್ಯನಿಧಿ ಪಡೆಯುವವರಿಗೆ ಇಂಥ ಕಡ್ಡಾಯವೇ ಇಲ್ಲ, ಪಿಎಫ್ ಹಣ ಪೂರ್ತಿ ಇಡಿಗಂಟಾಗಿಯೇ ಬರುತ್ತದೆ. ಜೊತೆಗೆ ಬರುವ ಇಪಿಎಸ್ ಪಿಂಚಣಿ ಚಿಕ್ಕದು. 15,000 ರೂಪಾಯಿ ಸಂಬಳದ ಮಿತಿಯಲ್ಲಿ 35 ವರ್ಷ ದುಡಿದವರಿಗೂ ಅದು ತಿಂಗಳಿಗೆ 7,500 ರೂಪಾಯಿಯ ಹತ್ತಿರ ನಿಲ್ಲುತ್ತದೆ.

ಹೀಗೆ ಎಲ್ಲರ ಮುಂದೆಯೂ ಬೇರೆ ಬೇರೆ ಪ್ರಮಾಣದಲ್ಲಿ ಬಂದು ನಿಲ್ಲುವ ಪ್ರಶ್ನೆ ಒಂದೇ. ಎಷ್ಟನ್ನು ಆನ್ಯುಟಿಗೆ ಕೊಡಬೇಕು, ಎಷ್ಟನ್ನು ಇಡಿಗಂಟಾಗಿ ಇಟ್ಟುಕೊಂಡು ತಾವೇ ತೆಗೆದು ತಿನ್ನಬೇಕು? ಹಾಗೆ ತಿನ್ನುವುದಾದರೆ ವರ್ಷಕ್ಕೆ ಎಷ್ಟು?

ಲೆಕ್ಕಕ್ಕಾಗಿ ಹಾಸನದ ಸರ್ಕಾರಿ ಕಾಲೇಜಿನ ಅಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳೋಣ. ವಯಸ್ಸು 60, ಪತ್ನಿಗೆ 57, ಸ್ವಂತ ಮನೆ ಇದೆ. ಎನ್‌ಪಿಎಸ್ ಖಾತೆಯಲ್ಲಿ 1 ಕೋಟಿ ರೂಪಾಯಿ ಇದೆ. ನಿಯಮದ ಪ್ರಕಾರ 40 ಲಕ್ಷ ಆನ್ಯುಟಿಗೆ ಹೋಗಬೇಕು, 60 ಲಕ್ಷ ಅವರ ಕೈಗೆ ಬರುತ್ತದೆ.

ಮೊದಲು ಆ 40 ಲಕ್ಷದ ಮಾತು. ವಿಮಾ ಕಂಪನಿಯ ಪಟ್ಟಿಯಲ್ಲಿ ಹಲವು ಆಯ್ಕೆಗಳಿರುತ್ತವೆ. ಅವುಗಳನ್ನು ನಿಜವಾಗಿ ಬೇರ್ಪಡಿಸುವ ಗೆರೆ ಒಂದೇ: ಚಂದಾದಾರರು ತೀರಿಹೋದ ಮೇಲೆ ಅಸಲು ವಾರಸುದಾರರಿಗೆ ಹಿಂದಿರುಗುತ್ತದೆಯೋ ಇಲ್ಲವೋ ಎಂಬುದು. ಅಸಲು ಹಿಂದಿರುಗುವ ಬಗೆಯೇ ಹೆಚ್ಚು ಮಾರಾಟವಾಗುತ್ತದೆ, ಕಾರಣವೂ ಸಹಜ. 'ಸಾರ್, ನಿಮ್ಮ ನಂತರ ಅಷ್ಟೂ ದುಡ್ಡು ಮಕ್ಕಳಿಗೇ ಬರುತ್ತೆ' ಎಂದು ಏಜೆಂಟ್ ಹೇಳಿದರೆ ಬೇಡ ಎನ್ನಲು ಯಾರಿಗೆ ಮನಸ್ಸು ಬಂದೀತು? ಅಸಲು ಹಿಂದಿರುಗದ ಬಗೆಯಲ್ಲಿ ನಾಳೆಯೇ ಏನಾದರೂ ಆಗಿಬಿಟ್ಟರೆ ನಲವತ್ತು ಲಕ್ಷ ಕಂಪನಿಯ ಪಾಲು ಎಂಬ ಅಳುಕು ಇದ್ದೇ ಇರುತ್ತದೆ.

ಆದರೆ ಆ ಅಳುಕಿಗೆ ಕಾರಣವಾದ ನಿಯಮದಲ್ಲೇ ಆನ್ಯುಟಿಯ ಶಕ್ತಿ ಇದೆ. ಎಂಬತ್ತು ವಯಸ್ಸಿನ ಹತ್ತು ಜನ ತಲಾ 1 ಲಕ್ಷ ರೂಪಾಯಿ ಒಂದೆಡೆ ಹಾಕಿದರೆಂದುಕೊಳ್ಳಿ. ಶೇ 6ರ ಬಡ್ಡಿ ಸೇರಿ ವರ್ಷದ ಕೊನೆಗೆ 10 ಲಕ್ಷದ 60 ಸಾವಿರ ಆಗುತ್ತದೆ. ಅಷ್ಟರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಉಳಿದ ಒಂಬತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಸುಮಾರು 1,17,800 ರೂಪಾಯಿ ಬರುತ್ತದೆ. ಅಂದರೆ ಬದುಕಿರುವವರ ಪಾಲಿಗೆ ಆ ವರ್ಷದ ಗಳಿಕೆ ಶೇ 6 ಅಲ್ಲ, ಹತ್ತಿರಹತ್ತಿರ ಶೇ 18. ಯಾವ ಬ್ಯಾಂಕಿನ ಠೇವಣಿಯೂ ಎಂಬತ್ತರ ವೃದ್ಧರಿಗೆ ಇಷ್ಟು ಕೊಡಲಾರದು. ಬೇಗ ಹೋದವರ ಹಣ ದೀರ್ಘಾಯುಷಿಗಳಿಗೆ ಸಲ್ಲುತ್ತದೆ. ತಾನು ಯಾವ ಗುಂಪಿನವನು ಎಂದು ಅರವತ್ತರಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಹಾಕುವ ಹೊತ್ತಿನಲ್ಲಿ ಯಾರಿಗೂ ಅನ್ಯಾಯವಿಲ್ಲ.

ಅಸಲು ವಾಪಸ್ ಬೇಕೆಂದ ಕೂಡಲೇ ಈ ಹಂಚಿಕೆ ನಿಂತುಹೋಗುತ್ತದೆ. ತೀರಿಹೋದವರ ಹಣ ಅವರವರ ಮಕ್ಕಳಿಗೆ ಹೋಗುವುದರಿಂದ ಬದುಕಿರುವವರಿಗೆ ಹಂಚಲು ಏನೂ ಉಳಿಯದು. ಆಗ ಚಂದಾದಾರರಿಗೆ ಸಿಗುವುದು ಅವರದೇ ಹಣದ ಬಡ್ಡಿ ಮಾತ್ರ, ಅದೂ ಕಂಪನಿಯ ಖರ್ಚು ಕಳೆದ ಮೇಲೆ. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. 60 ವಯಸ್ಸಿಗೂ 70 ವಯಸ್ಸಿಗೂ ಎರಡೂ ಬಗೆಯ ದರ ಕೇಳಿ ನೋಡಬೇಕು. ಅಸಲು ಹಿಂದಿರುಗುವ ಬಗೆಯಲ್ಲಿ ಹತ್ತು ವರ್ಷ ದೊಡ್ಡವರಾದರೂ ದರ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಿಂದಿರುಗದ ಬಗೆಯಲ್ಲಿ ಅದು ಎದ್ದು ಕಾಣುವಷ್ಟು ಏರುತ್ತದೆ. ವಯಸ್ಸಿನೊಂದಿಗೆ ಏರದ ಆನ್ಯುಟಿಯಲ್ಲಿ ದೀರ್ಘಾಯುಷ್ಯದ ವಿಮೆ ಇಲ್ಲ, ಅದು ಬಾಂಡ್ ಇದ್ದಂತೆ.

ದರಗಳು ಕಂಪನಿಯಿಂದ ಕಂಪನಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಲೆಕ್ಕಕ್ಕಾಗಿ ಅಸಲು ಹಿಂದಿರುಗುವ ಬಗೆಗೆ ಶೇ 6.5 ಎಂದಿಟ್ಟುಕೊಂಡರೆ ಅಧ್ಯಾಪಕರಿಗೆ 40 ಲಕ್ಷಕ್ಕೆ ತಿಂಗಳಿಗೆ ಸುಮಾರು 21,700 ರೂಪಾಯಿ ಬರುತ್ತದೆ. ಅಸಲು ಹಿಂದಿರುಗದ, ಆದರೆ ಅವರ ನಂತರ ಪತ್ನಿಗೂ ಅಷ್ಟೇ ಮೊತ್ತ ಮುಂದುವರಿಯುವ ಜಂಟಿ ಬಗೆಗೆ ಶೇ 7.2 ಎಂದರೆ 24,000 ರೂಪಾಯಿ. ಅವರೊಬ್ಬರ ಜೀವಕ್ಕೆ ಮಾತ್ರ ಕೊಂಡರೆ ಇನ್ನೂ ಹೆಚ್ಚು ಸಿಗುತ್ತದೆ, ಆದರೆ ಅವರ ಕೊನೆಯುಸಿರಿನ ಜೊತೆಗೆ ಪತ್ನಿಯ ಆದಾಯವೂ ನಿಲ್ಲುತ್ತದೆ. ಪತ್ನಿ ಮೂರು ವರ್ಷ ಚಿಕ್ಕವರು, ಹೆಂಗಸರ ಆಯುಷ್ಯವೂ ಸರಾಸರಿಯಲ್ಲಿ ಹೆಚ್ಚು. ಸ್ವಂತ ಪಿಂಚಣಿ ಇಲ್ಲದ ಸಂಗಾತಿ ಇರುವವರು ಒಂಟಿ ಜೀವದ ಆನ್ಯುಟಿ ಕೊಳ್ಳುವುದು ಈ ಲೇಖನದ ದೃಷ್ಟಿಯಲ್ಲಿ ತಪ್ಪು ನಿರ್ಧಾರ.

ಜಂಟಿ ಬಗೆ ಆರಿಸಿಕೊಂಡರೂ ಒಂದು ದೊಡ್ಡ ತೂತು ಉಳಿಯುತ್ತದೆ. ಆ 24,000 ಎಂದೆಂದಿಗೂ 24,000 ಆಗಿಯೇ ಇರುತ್ತದೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಅಧ್ಯಾಪಕರಿಗೆ ಎಂಬತ್ತಾಗುವಾಗ ಅದು ಇಂದಿನ 7,500 ರೂಪಾಯಿಗೆ ಸಮ. ಎಲ್‌ಐಸಿಯ ಜೀವನ್ ಅಕ್ಷಯ್ ಪಾಲಿಸಿಯಲ್ಲಿ ವರ್ಷಕ್ಕೆ ಶೇ 3ರಂತೆ ಏರುವ ಆಯ್ಕೆಯೊಂದಿದೆ. ಆದರೆ ಆ ಏರಿಕೆ ಚಕ್ರಬಡ್ಡಿಯ ಲೆಕ್ಕದ್ದಲ್ಲ, ಸರಳಬಡ್ಡಿಯದು. ಮೊದಲ ವರ್ಷದ ಮೊತ್ತವೂ ಸಾಕಷ್ಟು ಕಡಿಮೆ ಇರುತ್ತದೆ. ಹಳೆಯ ಪಿಂಚಣಿಯ ತುಟ್ಟಿಭತ್ಯೆಯಂತೆ ಬೆಲೆ ಸೂಚ್ಯಂಕದ ಜೊತೆಜೊತೆಗೇ ಏರುವ ಆನ್ಯುಟಿ ನಮ್ಮ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ಒಟ್ಟಿನಲ್ಲಿ ಆನ್ಯುಟಿ ಒಂದು ಭಯಕ್ಕೆ ಮದ್ದು, ಇನ್ನೊಂದಕ್ಕಲ್ಲ. ತೊಂಬತ್ತೈದರ ತನಕ ಬದುಕಿಬಿಟ್ಟರೆ ಹೇಗೆ ಎಂಬ ಭಯವನ್ನು ಅದು ಕಳೆಯುತ್ತದೆ. ಅಷ್ಟರಲ್ಲಿ ಅಕ್ಕಿ, ಔಷಧಿಯ ಬೆಲೆ ಎಲ್ಲಿಗೆ ಹೋಗಿರುತ್ತದೋ ಎಂಬ ಭಯಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಕೆಲಸವನ್ನು 60 ಲಕ್ಷದ ಇಡಿಗಂಟು ಮಾಡಬೇಕು. ಅದು ಬೆಲೆಗಳ ಜೊತೆ ಬೆಳೆಯಬೇಕಾದರೆ ಸ್ವಲ್ಪ ಭಾಗವಾದರೂ ಷೇರುಗಳಲ್ಲಿ ಇರಬೇಕು. ಷೇರು ಎಂದಮೇಲೆ ಏಳುಬೀಳು ಇದ್ದದ್ದೇ. ಹಾಗಿದ್ದಮೇಲೆ ವರ್ಷಕ್ಕೆ ಎಷ್ಟು ತೆಗೆದರೆ ಗಂಟು ಬರಿದಾಗದು?

ಈ ಪ್ರಶ್ನೆಗೆ ಮೊದಲ ಗಟ್ಟಿಯಾದ ಉತ್ತರ ಕೊಟ್ಟವರು ಅಮೆರಿಕದ ವಿಲಿಯಂ ಬೆಂಗನ್. ಓದಿದ್ದು ವಿಮಾನಯಾನ ಎಂಜಿನಿಯರಿಂಗ್. ಕುಟುಂಬದ ತಂಪು ಪಾನೀಯದ ವ್ಯಾಪಾರದಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹಣಕಾಸು ಸಲಹೆಗಾರರಾದರು. ಷೇರುಗಳು ಸರಾಸರಿ ಇಷ್ಟು ಗಳಿಸುತ್ತವೆ, ಆದ್ದರಿಂದ ಶೇ 7ರಷ್ಟು ತೆಗೆದರೂ ತೊಂದರೆಯಿಲ್ಲ ಎಂಬ ಸಲಹೆ ಆಗ ಚಾಲ್ತಿಯಲ್ಲಿತ್ತು. ಬೆಂಗನ್ ಸರಾಸರಿಯನ್ನು ಬದಿಗಿಟ್ಟರು. 1926ರಿಂದ ಈಚಿನ ನಿಜವಾದ ದಾಖಲೆಗಳನ್ನು ಹಿಡಿದು, ಒಬ್ಬೊಬ್ಬ ವ್ಯಕ್ತಿ ಒಂದೊಂದು ವರ್ಷದಲ್ಲಿ ನಿವೃತ್ತನಾದಂತೆ ಭಾವಿಸಿ ಲೆಕ್ಕ ಹಾಕಿದರು. ಅರ್ಧ ಹಣ ಷೇರುಗಳಲ್ಲಿ, ಅರ್ಧ ಸರ್ಕಾರಿ ಸಾಲಪತ್ರಗಳಲ್ಲಿ. ಮೊದಲ ವರ್ಷ ಗಂಟಿನ ಇಂತಿಷ್ಟು ಭಾಗ ತೆಗೆಯುವುದು, ಮುಂದಿನ ಪ್ರತಿ ವರ್ಷ ಅದೇ ಮೊತ್ತವನ್ನು ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋಗುವುದು. ಎಲ್ಲಕ್ಕಿಂತ ಕೆಟ್ಟ ವರ್ಷದಲ್ಲಿ ನಿವೃತ್ತನಾದವನಿಗೂ ಮೂವತ್ತು ವರ್ಷ ಹಣ ಸಾಲಬೇಕಾದರೆ ಆ ಭಾಗ ಎಷ್ಟಿರಬೇಕು? 1994ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅವರ ಲೇಖನದ ಉತ್ತರ ಸುಮಾರು ಶೇ 4. ನಾಲ್ಕು ವರ್ಷದ ನಂತರ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು ಬೇರೆ ರೀತಿಯಿಂದ ಲೆಕ್ಕ ಹಾಕಿ ಅದರ ಸಮೀಪಕ್ಕೇ ಬಂದರು. 'ಸುರಕ್ಷಿತ ಹಿಂಪಡೆತ ದರ' ಎಂಬ ಮಾತು ಹೀಗೆ ಹರಡಿತು.

ಬೆಂಗನ್ ಲೆಕ್ಕದಲ್ಲಿ ಅತಿ ಕಷ್ಟಕ್ಕೆ ಸಿಕ್ಕವರು 1929ರ ಮಹಾಕುಸಿತದ ಹೊಸ್ತಿಲಲ್ಲಿ ನಿವೃತ್ತರಾದವರಲ್ಲ, 1960ರ ದಶಕದ ಕೊನೆಯ ವರ್ಷಗಳಲ್ಲಿ ನಿವೃತ್ತರಾದವರು. 1930ರ ಆರಂಭದಲ್ಲಿ ಷೇರುಗಳ ಜೊತೆಗೆ ಬೆಲೆಗಳೂ ಇಳಿದವು, ಹಾಗಾಗಿ ತೆಗೆಯಬೇಕಾದ ಮೊತ್ತವೂ ಇಳಿಯಿತು. 1970ರ ದಶಕದಲ್ಲಾದರೋ ಷೇರುಗಳು ಬಿದ್ದವು, ಬೆಲೆಗಳು ಏರಿದವು. ಗಂಟು ಕರಗುತ್ತಿದ್ದ ಹೊತ್ತಿಗೇ ಸರಿಯಾಗಿ ಪ್ರತಿ ವರ್ಷ ಹೆಚ್ಚು ತೆಗೆಯಬೇಕಾಗಿ ಬಂತು. ನಿವೃತ್ತರಿಗೆ ಮಾರುಕಟ್ಟೆಯ ಕುಸಿತಕ್ಕಿಂತ ಕುಸಿತ ಮತ್ತು ಬೆಲೆ ಏರಿಕೆ ಕೂಡಿಬರುವುದು ಹೆಚ್ಚು ಅಪಾಯಕಾರಿ.

ಇದು ಹೇಗೆಂದು ನಮ್ಮ ಅಧ್ಯಾಪಕರ 60 ಲಕ್ಷದಲ್ಲೇ ನೋಡಬಹುದು. ಅವರು ಮೊದಲ ವರ್ಷ ಶೇ 5, ಅಂದರೆ 3 ಲಕ್ಷ ತೆಗೆದರೆಂದುಕೊಳ್ಳೋಣ. ಪ್ರತಿ ವರ್ಷ ಆ ಮೊತ್ತ ಶೇ 6ರಂತೆ ಏರುತ್ತದೆ. ಇಪ್ಪತ್ತು ವರ್ಷಗಳಲ್ಲಿ ಹದಿನೆಂಟು ವರ್ಷ ಗಂಟು ಶೇ 10ರಂತೆ ಬೆಳೆಯುತ್ತದೆ, ಎರಡು ವರ್ಷ ಮಾತ್ರ ಕೆಟ್ಟವು: ಒಂದರಲ್ಲಿ ಶೇ 15, ಇನ್ನೊಂದರಲ್ಲಿ ಶೇ 10 ನಷ್ಟ. ಅರ್ಧ ಹಣ ಷೇರುಗಳಲ್ಲಿದ್ದವರಿಗೆ ಇಂಥ ನಷ್ಟ ಅಸಂಭವವಲ್ಲ. 2008ರ ಒಂದೇ ವರ್ಷದಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು.

ಆ ಎರಡು ಕೆಟ್ಟ ವರ್ಷಗಳು ಕಟ್ಟಕಡೆಗೆ, ಹತ್ತೊಂಬತ್ತು ಮತ್ತು ಇಪ್ಪತ್ತನೆಯ ವರ್ಷದಲ್ಲಿ ಬಂದರೆ ಅವರಿಗೆ ಎಂಬತ್ತಾದಾಗ ಗಂಟಿನಲ್ಲಿ ಇನ್ನೂ ಸುಮಾರು 70 ಲಕ್ಷ ಇರುತ್ತದೆ. ಅದೇ ಎರಡು ವರ್ಷಗಳು ಮೊದಲಿಗೇ ಬಂದುಬಿಟ್ಟರೆ? ಎರಡು ವರ್ಷ ಕಳೆಯುವಷ್ಟರಲ್ಲಿ 60 ಲಕ್ಷ ಹೋಗಿ 41 ಲಕ್ಷದ ಆಸುಪಾಸಿಗೆ ಬರುತ್ತದೆ. ಆಮೇಲೆ ಪ್ರತಿ ವರ್ಷ ತಪ್ಪದೆ ಶೇ 10 ಬೆಳೆದರೂ ಅದು ಮೇಲೇಳುವುದಿಲ್ಲ. ಕೆಲವು ವರ್ಷ ಅಲ್ಲೇ ತೊಯ್ದಾಡಿ, ನಂತರ ಇಳಿಯತೊಡಗಿ, ಹದಿನೆಂಟನೆಯ ವರ್ಷದಲ್ಲಿ 8 ಲಕ್ಷ ಬೇಕಾದಾಗ 5 ಲಕ್ಷ ಮಾತ್ರ ಉಳಿದಿರುತ್ತದೆ. ಅವರಿಗೆ ಆಗ 77. ಎರಡೂ ಕಥೆಯಲ್ಲಿ ಇಪ್ಪತ್ತು ವರ್ಷದ ಸರಾಸರಿ ಗಳಿಕೆ ಒಂದೇ. ಏನನ್ನೂ ತೆಗೆಯದೆ ಸುಮ್ಮನಿದ್ದಿದ್ದರೆ ಕೊನೆಯ ಮೊತ್ತವೂ ಒಂದೇ ಆಗಿರುತ್ತಿತ್ತು. ತೆಗೆಯುತ್ತ ಹೋದದ್ದರಿಂದಲೇ ಕ್ರಮ ಮುಖ್ಯವಾಯಿತು. ಬಿದ್ದ ಬೆಲೆಗೆ ಷೇರು ಮಾರಿ ಮನೆಖರ್ಚಿಗೆ ಬಳಸುವುದೆಂದರೆ ಬಿತ್ತನೆಗೆ ಇಟ್ಟ ಬೀಜವನ್ನು ಬೇಯಿಸಿ ಉಂಡಂತೆ, ಆಮೇಲೆ ಒಳ್ಳೆಯ ಮಳೆಯಾದರೂ ಹೊಲದಲ್ಲಿ ಮೊಳೆಯಲು ಏನೂ ಇರುವುದಿಲ್ಲ.

ಅದೇ ಕೆಟ್ಟ ಆರಂಭದಲ್ಲಿ ಅವರು ಶೇ 5ರ ಬದಲು ಶೇ 3.5, ಅಂದರೆ ಮೊದಲ ವರ್ಷ 2 ಲಕ್ಷದ 10 ಸಾವಿರ ತೆಗೆದಿದ್ದರೆ ಚಿತ್ರ ಬೇರೆಯೇ ಆಗುತ್ತದೆ. ಗಂಟು 42 ಲಕ್ಷಕ್ಕೆ ಇಳಿದು, ಅಲ್ಲಿಂದ ಮತ್ತೆ ಏರಿ, ಎಂಬತ್ತರಲ್ಲಿ 60 ಲಕ್ಷದ ಹತ್ತಿರ ಇರುತ್ತದೆ. ಆ ಹೊತ್ತಿಗೆ ವರ್ಷಕ್ಕೆ ತೆಗೆಯಬೇಕಾದ ಮೊತ್ತ 6 ಲಕ್ಷ ದಾಟಿರುವುದರಿಂದ ಅಲ್ಲಿಂದ ಕರಗುವುದು ಬೇಗ. ಆದರೂ ಮೂವತ್ತನೆಯ ವರ್ಷದ ಹಣ ತೆಗೆದ ಮೇಲೂ ಸುಮಾರು 5 ಲಕ್ಷ ಉಳಿಯುತ್ತದೆ. ಅಂದರೆ ತೊಂಬತ್ತರ ತನಕ ಸಾಕಾಯಿತು. ಶೇ 5ಕ್ಕೂ ಶೇ 3.5ಕ್ಕೂ ಇರುವ ವ್ಯತ್ಯಾಸ ತಿಂಗಳ ಲೆಕ್ಕದಲ್ಲಿ 7,500 ರೂಪಾಯಿ ಮಾತ್ರ. ಗಂಟಿನ ಆಯುಷ್ಯದಲ್ಲಿ ಅದು ಹನ್ನೆರಡು ವರ್ಷಕ್ಕೂ ಹೆಚ್ಚು.

ಭಾರತದಲ್ಲಿ ಶೇ 4 ಎಂದು ಕಣ್ಣುಮುಚ್ಚಿ ಹೇಳಲು ಬಾರದು. ಅಮೆರಿಕದ ಷೇರುಪೇಟೆಯ ಇಪ್ಪತ್ತನೆಯ ಶತಮಾನದ ಯಶಸ್ಸು ಎಲ್ಲ ದೇಶಗಳಿಗೂ ಒದಗಿದ್ದಲ್ಲ. 2010ರಲ್ಲಿ ವೇಡ್ ಫೌ ಎಂಬ ಅರ್ಥಶಾಸ್ತ್ರಜ್ಞ ಹದಿನೇಳು ಮುಂದುವರಿದ ದೇಶಗಳ ದಾಖಲೆಗಳ ಮೇಲೆ ಬೆಂಗನ್ ವಿಧಾನವನ್ನು ಪ್ರಯೋಗಿಸಿದಾಗ ಹೆಚ್ಚಿನ ದೇಶಗಳಲ್ಲಿ ಶೇ 4 ನಿಲ್ಲಲಿಲ್ಲ. ಯುದ್ಧದಲ್ಲಿ ನೆಲಕಚ್ಚಿದ ಜಪಾನಿನಂಥ ದೇಶಗಳಲ್ಲಿ ಶೇ 1 ಕೂಡ ಕಷ್ಟವಿತ್ತು. ನಮ್ಮಲ್ಲಿ ದಾಖಲೆಯೇ ಚಿಕ್ಕದು. ಸೆನ್ಸೆಕ್ಸ್‌ನ ಮೂಲ ವರ್ಷ 1978-79. ಅಲ್ಲಿಂದ ಎಣಿಸಿದರೆ ಒಂದರ ಮೇಲೊಂದು ಬೀಳದ ಮೂವತ್ತು ವರ್ಷದ ಎರಡು ಅವಧಿಗಳೂ ಇನ್ನೂ ಪೂರ್ತಿಯಾಗಿಲ್ಲ. ನಮ್ಮ ಬೆಲೆ ಏರಿಕೆಯೂ ಅಮೆರಿಕಕ್ಕಿಂತ ಹೆಚ್ಚು. ಹೀಗಾಗಿ ಇಲ್ಲಿನ ಅನೇಕ ಸಲಹೆಗಾರರು ಶೇ 3ರಿಂದ 3.5ರ ಆಚೆ ಹೋಗಲು ಹಿಂಜರಿಯುತ್ತಾರೆ. ಮ್ಯೂಚುವಲ್ ಫಂಡಿನಿಂದ ತಿಂಗಳು ತಿಂಗಳು ಹಣ ಬರುವ ಎಸ್‌ಡಬ್ಲ್ಯುಪಿ ವ್ಯವಸ್ಥೆಯನ್ನು ಶೇ 8, ಶೇ 10ರ ದರಕ್ಕೆ ಕಟ್ಟಿಕೊಡುವವರೂ ಇದ್ದಾರೆ. ಮಾರುಕಟ್ಟೆ ಏರುತ್ತಿರುವ ತನಕ ಅದು ಚೆನ್ನಾಗಿಯೇ ಕಾಣುತ್ತದೆ. ಬಿದ್ದಾಗ ಏನಾಗುತ್ತದೆಂಬುದನ್ನು ಮೇಲಿನ ಲೆಕ್ಕ ಶೇ 5ರಲ್ಲೇ ತೋರಿಸಿದೆ.

ಎರಡೂ ಕೂಡಿದರೆ ಅಧ್ಯಾಪಕರ ಕೈಗೆ ಮೊದಲ ವರ್ಷ ತಿಂಗಳಿಗೆ ಎಷ್ಟು ಬರುತ್ತದೆ? ಆನ್ಯುಟಿಯಿಂದ 24,000, ಗಂಟಿನಿಂದ 17,500, ಒಟ್ಟು 41,500 ರೂಪಾಯಿ. ಆನ್ಯುಟಿಯ ಮೇಲೆ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಆದರೆ ಇಷ್ಟು ಆದಾಯಕ್ಕೆ ಅದು ದೊಡ್ಡ ಚಿಂತೆಯಲ್ಲ. ಚಿಂತೆ ಇರುವುದು ಬೇರೆ ಕಡೆ, ಬಹಳ ಜನ ಎಡವುವುದೂ ಅಲ್ಲೇ. ಬೆಲೆಗೆ ತಕ್ಕಂತೆ ಏರುವುದು 17,500 ಮಾತ್ರ, 24,000 ಇದ್ದಲ್ಲೇ ನಿಲ್ಲುತ್ತದೆ. ಹನ್ನೆರಡು ವರ್ಷದ ನಂತರ ಅದೇ ಜೀವನಮಟ್ಟಕ್ಕೆ 83,500 ಬೇಕಾದಾಗ ಎರಡೂ ಸೇರಿ ಬರುವುದು 59,200 ರೂಪಾಯಿ. ಕೊರತೆಯನ್ನು ತುಂಬಲು ಗಂಟಿನಿಂದ ಹೆಚ್ಚು ತೆಗೆದರೆ ಶೇ 3.5ರ ಲೆಕ್ಕವೇ ಮುರಿಯುತ್ತದೆ. ಆದ್ದರಿಂದ ಮೊದಲ ವರ್ಷಗಳಲ್ಲಿ 41,500 ಪೂರ್ತಿ ಖರ್ಚು ಮಾಡುವಂತಿಲ್ಲ. ಆನ್ಯುಟಿಯ ಒಂದು ಪಾಲನ್ನು, ಮೊದಮೊದಲು ದೊಡ್ಡದಾಗಿ, ವರ್ಷ ಕಳೆದಂತೆ ಕಡಿಮೆ ಮಾಡುತ್ತ, ಮರಳಿ ಗಂಟಿಗೆ ಸೇರಿಸುತ್ತ ಹೋಗಬೇಕು. ಅರವತ್ತೊಂದರ ವಯಸ್ಸಿನಲ್ಲಿ ಪಿಂಚಣಿಯಿಂದ ಉಳಿತಾಯ ಮಾಡಿ ಎಂದರೆ ವಿಚಿತ್ರವಾಗಿ ಕೇಳಬಹುದು. ಏರದ ಪಿಂಚಣಿಯನ್ನು ತಾವೇ ಏರುವ ಪಿಂಚಣಿ ಮಾಡಿಕೊಳ್ಳಲು ಇದಕ್ಕಿಂತ ಸರಳ ದಾರಿ ಇಲ್ಲ.

ಆರಂಭದ ಕೆಟ್ಟ ವರ್ಷಗಳ ಹೊಡೆತ ತಪ್ಪಿಸಿಕೊಳ್ಳಲು ಇನ್ನೊಂದು ಉಪಾಯ ಅಂಚೆ ಕಚೇರಿಯಲ್ಲೇ ಇದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದ ತನಕ ಇಡಬಹುದು. ಇತ್ತೀಚಿನ ವರ್ಷಗಳಲ್ಲಿ ಅದರ ಬಡ್ಡಿ ಶೇ 8.2, ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಅಧ್ಯಾಪಕರು 60ರಲ್ಲಿ 30 ಲಕ್ಷ ಅಲ್ಲಿಟ್ಟರೆ ವರ್ಷಕ್ಕೆ 2 ಲಕ್ಷದ 46 ಸಾವಿರ ಬಡ್ಡಿ ಬರುತ್ತದೆ. ಮೊದಲ ಮೂರು ವರ್ಷ ತೆಗೆಯಬೇಕಾದ ಹಣ ಇದಕ್ಕಿಂತ ಕಡಿಮೆಯೇ. ನಾಲ್ಕನೆಯ ಮತ್ತು ಐದನೆಯ ವರ್ಷದ ಸಣ್ಣ ಕೊರತೆಗೆ ಮೊದಲ ಮೂರು ವರ್ಷದ ಉಳಿಕೆಯೇ ಸಾಕು. ಉಳಿದ 30 ಲಕ್ಷದ ಷೇರು ಫಂಡುಗಳನ್ನು ಐದು ವರ್ಷ ಮುಟ್ಟುವ ಅಗತ್ಯವೇ ಬೀಳದು. ಮಾರುಕಟ್ಟೆ ಬಿದ್ದರೆ ಅದು ಎದ್ದು ಬರಲು ಆ ವರ್ಷಗಳು ಸಮಯ ಕೊಡುತ್ತವೆ.

ಗಂಟು ತಪ್ಪುದಾರಿ ಹಿಡಿದಿದೆಯೇ ಎಂದು ತಿಳಿಯಲು ಹದಿನೆಂಟು ವರ್ಷ ಕಾಯಬೇಕಿಲ್ಲ. ಜೋನಾಥನ್ ಗೈಟನ್ ಮತ್ತು ವಿಲಿಯಂ ಕ್ಲಿಂಗರ್ ಎಂಬ ಅಮೆರಿಕನ್ನರು 2006ರಲ್ಲಿ ಒಂದು ನಿಯಮ ಸೂಚಿಸಿದರು. ವರ್ಷಕ್ಕೊಮ್ಮೆ, ಆ ವರ್ಷ ತೆಗೆಯಬೇಕೆಂದಿರುವ ಮೊತ್ತವನ್ನು ಆ ದಿನ ಗಂಟಿನಲ್ಲಿರುವ ಹಣದಿಂದ ಭಾಗಿಸಿ ನೋಡಬೇಕು. ಆರಂಭದ ದರಕ್ಕಿಂತ ಐದನೇ ಒಂದು ಪಾಲು ಮೇಲೆ ಹೋಗಿದ್ದರೆ ಆ ವರ್ಷದ ಮೊತ್ತವನ್ನು ಶೇ 10ರಷ್ಟು ಕಡಿತ ಮಾಡಬೇಕು. ಶೇ 5ರಿಂದ ಶುರುಮಾಡಿದವರಿಗೆ ಗೆರೆ ಶೇ 6. ಮೇಲಿನ ಕೆಟ್ಟ ಆರಂಭದಲ್ಲಿ ಎರಡನೆಯ ವರ್ಷದ ಮೊದಲ ದಿನವೇ ಆ ದರ ಶೇ 6.6 ಆಗಿತ್ತು. ಅಂದರೆ ಎಚ್ಚರಿಕೆ ಹದಿನಾರು ವರ್ಷ ಮೊದಲೇ ಬಂದಿತ್ತು. ಅಂದು ಮಾಡುವ ಸಣ್ಣ ಕಡಿತ ಮುಂದೆ ಮಾಡಬೇಕಾದ ದೊಡ್ಡ ಕಡಿತವನ್ನು ತಪ್ಪಿಸುತ್ತದೆ. ಕೆಳಗಿನ ಖರ್ಚಿಗೆ ಆನ್ಯುಟಿ ಆಸರೆಯಾಗಿ ನಿಂತಿರುವುದರಿಂದ ಈ ಕಡಿತ ಊಟ, ಔಷಧಿಗೆ ತಟ್ಟುವುದಿಲ್ಲ. ಆನ್ಯುಟಿ ಇಲ್ಲದೆ ಇಡಿಗಂಟೊಂದನ್ನೇ ನಂಬಿದವರಿಗೆ ಈ ಸೌಕರ್ಯ ಇರದು.

ಇನ್ನು ಆನ್ಯುಟಿ ಯಾವಾಗ ಕೊಳ್ಳಬೇಕೆಂಬುದು. ಕೊಂಡ ದಿನದ ಬಡ್ಡಿದರವೇ ಜೀವಮಾನಕ್ಕೆ ಗಂಟುಬೀಳುತ್ತದೆ, ಬಡ್ಡಿ ಕೆಳಗಿದ್ದ ವರ್ಷ ಕೊಂಡವರು ಆಮೇಲೆ ಅದು ಏರಿತೆಂದು ಬದಲಾಯಿಸಿಕೊಳ್ಳಲಾಗದು. ಎನ್‌ಪಿಎಸ್‌ನಲ್ಲಿ ಆನ್ಯುಟಿ ಖರೀದಿಯನ್ನು ಮುಂದೂಡುವ ಅವಕಾಶವಿದೆ, ಇಡಿಗಂಟನ್ನೂ ಕಂತುಕಂತಾಗಿ ಪಡೆಯಬಹುದು. ಅಸಲು ಹಿಂದಿರುಗದ ಬಗೆಯನ್ನು ಆರಿಸುವವರಿಗೆ, ಬೇರೆ ಆದಾಯ ಇದ್ದರೆ, ಕಾದಷ್ಟೂ ದರ ಹೆಚ್ಚು ಸಿಗುತ್ತದೆ. ಅಸಲು ವಾಪಸ್ ಬರುವುದೇ ಬೇಕೆನ್ನುವವರಿಗೆ ಕಾಯುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಗಂಭೀರ ಕಾಯಿಲೆ ಇರುವವರ ಲೆಕ್ಕ ಬೇರೆ. ಆಯುಷ್ಯದ ಭರವಸೆ ಕಡಿಮೆ ಇರುವವರಿಗೆ ಅಸಲು ಹಿಂದಿರುಗುವ ಬಗೆಯೇ ಸರಿಹೊಂದುತ್ತದೆ, ಕಡ್ಡಾಯಕ್ಕಿಂತ ಹೆಚ್ಚು ಹಣವನ್ನು ಅವರು ಆನ್ಯುಟಿಗೆ ಹಾಕಬೇಕಾಗಿಯೂ ಇಲ್ಲ.

ಪಾಲಿಸಿ ಪತ್ರ ಕೈಗೆ ಬಂದ ಮೇಲೆ ಫ್ರೀ ಲುಕ್ ಎಂಬ 30 ದಿನಗಳ ಅವಧಿ ಇರುತ್ತದೆ. ಏಜೆಂಟ್ ಬಾಯಲ್ಲಿ ಹೇಳಿದ್ದು ಒಂದು, ಪತ್ರದಲ್ಲಿ ಅಚ್ಚಾದದ್ದು ಇನ್ನೊಂದು ಆಗಿದ್ದರೆ ಪ್ರಶ್ನಿಸಬೇಕಾದದ್ದು ಆ ದಿನಗಳಲ್ಲೇ. ನೋಡಬೇಕಾದ ಸಾಲುಗಳು ಕೆಲವೇ: ಜಂಟಿ ಎಂದಿದೆಯೇ, ಗಂಡನ ನಂತರ ಹೆಂಡತಿಗೆ ಪೂರ್ತಿ ಮೊತ್ತವೋ ಅರ್ಧವೋ, ಅವರ ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ, ಖರೀದಿ ಬೆಲೆ ವಾಪಸ್ ಎಂಬ ಜಾಗದಲ್ಲಿ ಏನು ಬರೆದಿದೆ. ಪತ್ರದ ಒಂದು ಪ್ರತಿಯನ್ನು ಹೆಂಡತಿಯ ಕೈಗೆ ಕೊಟ್ಟು ಈ ಸಾಲುಗಳನ್ನು ಅವರಿಂದಲೇ ಓದಿಸುವುದು ಒಳ್ಳೆಯದು. ಮುಂದೊಂದು ದಿನ ಗಂಡನ ಮರಣ ಪ್ರಮಾಣಪತ್ರ ಹಿಡಿದು ವಿಮಾ ಕಚೇರಿಗೆ ಹೋಗಬೇಕಾದವರು ಬಹುಪಾಲು ಅವರೇ.